ಮೊದಲು ಸೋಸಬೇಕೋ, ಆಮೇಲೋ: ಆಕ್ಷೇಪಗಳಿಗೊಂದು ಉತ್ತರ

ವೆಕ್ಟರ್ ಹುಡುಕಾಟದ ಜೊತೆಗೆ ಜಿಲ್ಲೆ, ವರ್ಷ, ಭಾಷೆ ಇಂಥ ಯಾವುದಾದರೂ ಷರತ್ತು ಸೇರಿಕೊಂಡಾಗ, ಆ ಷರತ್ತಿನಿಂದ ಸೋಸುವ ಕೆಲಸ ಹುಡುಕುವ ಮುಂಚೆ ನಡೆಯಿತೋ ಹುಡುಕಿದ ಮೇಲೆ ನಡೆಯಿತೋ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ ಎಂಬುದು ನನ್ನ ವಾದ. ಇದು ವೇಗದ ಪ್ರಶ್ನೆ ಮಾತ್ರ, ಉತ್ತರದ ಪ್ರಶ್ನೆಯಲ್ಲ ಎನ್ನುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಡೇಟಾಬೇಸ್ ಕೆಲಸದಲ್ಲಿ ಪಳಗಿದವರೇ. ಅದಕ್ಕೇ ಅವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರಿಸುತ್ತಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕನ್ನಡದ ಕೃಷಿ ಬರಹಗಳ ಒಂದು ಸಂಗ್ರಹವಿದೆ ಎಂದಿಟ್ಟುಕೊಳ್ಳಿ. ಬರಹಗಳನ್ನು ಪ್ಯಾರಾದಷ್ಟು ತುಣುಕುಗಳಾಗಿ ಮಾಡಲಾಗಿದೆ, ಒಟ್ಟು 10 ಲಕ್ಷ ತುಣುಕು. ಪ್ರತಿ ತುಣುಕಿನ ಅರ್ಥವನ್ನು ಎಂಬೆಡಿಂಗ್ ಮಾದರಿಯೊಂದು 768 ಸಂಖ್ಯೆಗಳ ಸಾಲಾಗಿ ಬರೆದಿಟ್ಟಿದೆ. ಈ ಸಾಲೇ ವೆಕ್ಟರ್. ಎರಡು ವೆಕ್ಟರುಗಳ ನಡುವಿನ ದೂರ ಕಡಿಮೆಯಿದ್ದಷ್ಟೂ ಎರಡು ತುಣುಕುಗಳ ಅರ್ಥ ಹತ್ತಿರ. ಇದರ ಪಕ್ಕದಲ್ಲಿ ಜಿಲ್ಲೆ, ಬೆಳೆ, ವರ್ಷ ಎಂಬ ಸಾದಾ ಕಾಲಂಗಳಿವೆ. ಮೆಟಾಡೇಟಾ ಎನ್ನುವುದು ಇದಕ್ಕೇ. ಹಾವೇರಿ ಜಿಲ್ಲೆಯ ತುಣುಕುಗಳು 10 ಸಾವಿರ, ಅಂದರೆ ನೂರಕ್ಕೆ ಒಂದು. ಎಲ್ಲವೂ ಪೋಸ್ಟ್‌ಗ್ರೆಸ್‌ನಲ್ಲಿದೆ, ವೆಕ್ಟರ್‌ಗಾಗಿ ಪಿಜಿವೆಕ್ಟರ್ ಎಂಬ ಎಕ್ಸ್‌ಟೆನ್ಷನ್ ಹಾಕಲಾಗಿದೆ. ಮಲೆನಾಡಿನಿಂದ ಕೆಳಗಿಳಿದು ಹಾವೇರಿಯ ಕಡೆಗೂ ಹಬ್ಬಿರುವ ಅಡಿಕೆಯನ್ನು ಬೆಳೆಯುವ ರೈತರೊಬ್ಬರು ಎಲೆಚುಕ್ಕಿ ರೋಗಕ್ಕೆ ಏನು ಸಿಂಪಡಿಸಬೇಕೆಂದು ಕೇಳುತ್ತಾರೆ, ತಮ್ಮ ಜಿಲ್ಲೆಯ ಮಾಹಿತಿ ಮಾತ್ರ ಸಾಕೆನ್ನುತ್ತಾರೆ. ಆಗ ಓಡುವ ಪ್ರಶ್ನೆ ಇದು:

```sql
SELECT id, title
FROM fragments
WHERE district = 'haveri'
ORDER BY embedding <=> $1
LIMIT 10;
```

ಮೊದಲ ಆಕ್ಷೇಪ ಹುಟ್ಟುವುದು ಈ ಸಾಲುಗಳಿಂದಲೇ. "ಎಸ್‌ಕ್ಯೂಎಲ್‌ನಲ್ಲಿ ಏನು ಬೇಕೆಂದು ಹೇಳುತ್ತೇವೆ, ಹೇಗೆ ಮಾಡಬೇಕೆಂದಲ್ಲ. `WHERE` ಅನ್ನು ಯಾವ ಹಂತದಲ್ಲಿ ಹಾಕಬೇಕೆಂಬುದು ಪ್ಲ್ಯಾನರ್‌ನ ತಲೆನೋವು. ಎಲ್ಲಿ ಹಾಕಿದರೂ ಉತ್ತರ ಅದೇ."

ಸಾಧಾರಣ ಪ್ರಶ್ನೆಗಳಿಗೆ ಇದು ನಿಜ. ಎರಡು ಷರತ್ತುಗಳಿದ್ದರೆ ಯಾವುದನ್ನು ಮೊದಲು ಹಾಕಿದರೂ ಉಳಿಯುವ ಸಾಲುಗಳು ಅವೇ. ಆದರೆ "ಮೊದಲ 10" ಎಂಬುದು ಷರತ್ತಲ್ಲ. ಒಂದು ಸಾಲು ಮೊದಲ ಹತ್ತರೊಳಗೆ ಬರುತ್ತದೋ ಇಲ್ಲವೋ ಎಂಬುದು ಆ ಸಾಲಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಸ್ಪರ್ಧೆಯಲ್ಲಿ ಬೇರೆ ಯಾರಿದ್ದಾರೆ ಎಂಬುದನ್ನೂ ನೋಡಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ರಾಜ್ಯಕ್ಕೆ ಮೊದಲ ಹತ್ತು ರ‍್ಯಾಂಕ್ ಪಡೆದವರಲ್ಲಿ ಹಾವೇರಿಯವರು ಯಾರು ಎಂದು ಕೇಳುವುದು ಬೇರೆ, ಹಾವೇರಿ ಜಿಲ್ಲೆಗೆ ಮೊದಲ ಹತ್ತು ಯಾರು ಎಂದು ಕೇಳುವುದು ಬೇರೆ. ಮೊದಲನೆಯ ಪಟ್ಟಿ ಖಾಲಿಯಿರಬಹುದು; ಎರಡನೆಯದು ಖಾಲಿಯಾಗಬೇಕಾದರೆ ಆ ಜಿಲ್ಲೆಯಲ್ಲಿ ಯಾರೂ ಪರೀಕ್ಷೆಗೇ ಕೂತಿರಬಾರದು.

ಎಸ್‌ಕ್ಯೂಎಲ್‌ನ ಶಾಸ್ತ್ರದ ಪ್ರಕಾರ ಮೇಲಿನ ಪ್ರಶ್ನೆ ಕೇಳುತ್ತಿರುವುದು ಎರಡನೆಯದನ್ನೇ: `WHERE` ಮೊದಲು, `LIMIT` ಕೊನೆಗೆ. ಇಷ್ಟು ನನ್ನ ಎದುರಾಳಿಗಳಿಗೂ ಗೊತ್ತು. ಅವರ ಕಣ್ಣು ತಪ್ಪುವುದು ಇಂಡೆಕ್ಸ್‌ನಲ್ಲಿ. ವೆಕ್ಟರ್ ಇಂಡೆಕ್ಸ್ ಅಂದಾಜಿನದು. ಅದು ಶಾಸ್ತ್ರದ ಭರವಸೆಯನ್ನು ಪಾಲಿಸುವುದಿಲ್ಲ, ಪಾಲಿಸುತ್ತೇನೆ ಎಂದು ಹೇಳಿಕೊಂಡೂ ಇಲ್ಲ.

2016ರಲ್ಲಿ ಮಾಲ್ಕೋವ್ ಮತ್ತು ಯಶುನಿನ್ ಪ್ರಕಟಿಸಿದ ಎಚ್‌ಎನ್‌ಎಸ್‌ಡಬ್ಲ್ಯು ಇಂದು ಎಲ್ಲೆಡೆ ಬಳಕೆಯಲ್ಲಿರುವ ಇಂಡೆಕ್ಸ್. ಅದರಲ್ಲಿ ಪ್ರತಿ ವೆಕ್ಟರ್‌ಗೂ ಕೆಲವು ನೆರೆಯ ವೆಕ್ಟರ್‌ಗಳ ಜೊತೆ ಕೊಂಡಿಯಿರುತ್ತದೆ. ಹುಡುಕಾಟ ಎಲ್ಲೋ ಒಂದು ಕಡೆ ಶುರುವಾಗಿ, ಪ್ರತಿ ಹೆಜ್ಜೆಯಲ್ಲೂ ಪ್ರಶ್ನೆಗೆ ಇನ್ನಷ್ಟು ಹತ್ತಿರವಿರುವ ನೆರೆಗೆ ಜಿಗಿಯುತ್ತ, ದಾರಿಯಲ್ಲಿ ಕಂಡವರಲ್ಲಿ ಅತಿ ಹತ್ತಿರದ ಕೆಲವರ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡಿರುತ್ತದೆ. ಆ ಪಟ್ಟಿ ಎಷ್ಟು ಉದ್ದ ಎಂಬುದನ್ನು ಪಿಜಿವೆಕ್ಟರ್‌ನಲ್ಲಿ `hnsw.ef_search` ನಿರ್ಧರಿಸುತ್ತದೆ. ನಾವು ಮುಟ್ಟದೆ ಬಿಟ್ಟರೆ ಅದು 40. ಅಂದರೆ ಇಂಡೆಕ್ಸ್ ಇಡೀ ರಾಜ್ಯದ ತುಣುಕುಗಳಲ್ಲಿ ಹತ್ತಿರದ 40 ಅನ್ನು ಕೈಗಿಟ್ಟು ಸುಮ್ಮನಾಗುತ್ತದೆ. ಆಮೇಲೆ ಪೋಸ್ಟ್‌ಗ್ರೆಸ್ ಅವುಗಳಲ್ಲಿ ಹಾವೇರಿಯವನ್ನು ಆರಿಸುತ್ತದೆ. ಹಾವೇರಿಯ ತುಣುಕುಗಳು ಸಂಗ್ರಹದಲ್ಲಿ ಎಲ್ಲ ಕಡೆ ಸಮನಾಗಿ ಹರಡಿವೆ ಎಂದೇ ಉದಾರವಾಗಿ ಒಪ್ಪಿಕೊಂಡರೂ, ನಲವತ್ತರಲ್ಲಿ ಸರಾಸರಿ ಅರ್ಧ ತುಣುಕೂ ಸಿಗುವುದಿಲ್ಲ. ನಲವತ್ತರಲ್ಲಿ ಒಂದೂ ಹಾವೇರಿಯದಲ್ಲದಿರುವ ಸಂಭವ 0.99ರ 40ನೇ ಘಾತ, ಅಂದರೆ ಸುಮಾರು 0.67. ಮೂರರಲ್ಲಿ ಎರಡು ಸಲ ಖಾಲಿ ಉತ್ತರ. ಹಾವೇರಿಯ 10 ಸಾವಿರ ತುಣುಕುಗಳು ಟೇಬಲ್‌ನಲ್ಲಿ ಹಾಗೇ ಕೂತಿವೆ. ಪರದೆಯ ಮೇಲೆ "ಮಾಹಿತಿ ಲಭ್ಯವಿಲ್ಲ".

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಜಿಲ್ಲೆಯ ಕಾಲಂ ಮೇಲೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಕೂಡ ಇದ್ದರೆ ಪ್ಲ್ಯಾನರ್‌ಗೆ ಎರಡು ದಾರಿಗಳಿವೆ. ಒಂದು, ವೆಕ್ಟರ್ ಇಂಡೆಕ್ಸ್‌ನಿಂದ ತಂದು ಸೋಸುವುದು. ಇನ್ನೊಂದು, ಬಿ-ಟ್ರೀಯಿಂದ ಹಾವೇರಿಯ ಎಲ್ಲ ತುಣುಕುಗಳನ್ನು ತಂದು, ಎಲ್ಲದರ ದೂರವನ್ನು ಲೆಕ್ಕ ಹಾಕಿ, ಜೋಡಿಸಿ, ಮೊದಲ ಹತ್ತನ್ನು ಕೊಡುವುದು. ಪ್ಲ್ಯಾನರ್ ಯಾವುದು ಅಗ್ಗವೆಂದು ಅಂದಾಜು ಕಟ್ಟಿ ಒಂದನ್ನು ಆರಿಸುತ್ತದೆ. ಉತ್ತರ ಬೇರೆಯಾದೀತು ಎಂಬುದು ಅದರ ಲೆಕ್ಕದಲ್ಲೇ ಇಲ್ಲ. ಹಾವೇರಿಯ ತುಣುಕುಗಳು ಎರಡು ಸಾವಿರವಿದ್ದಾಗ ಎರಡನೆಯ ದಾರಿ ಹಿಡಿದು ಸರಿಯಾಗಿ ಉತ್ತರಿಸುತ್ತಿದ್ದ ವ್ಯವಸ್ಥೆ, ತುಣುಕುಗಳು ಹೆಚ್ಚಾಗಿ ಅಂಕಿಅಂಶ ನವೀಕರಣಗೊಂಡ ದಿನ ಮೊದಲ ದಾರಿಗೆ ಹೊರಳಿ ಖಾಲಿ ಕೈ ತೋರಿಸಬಹುದು. ಮಾಹಿತಿ ಹೆಚ್ಚಿತು, ಉತ್ತರ ಮಾಯವಾಯಿತು. ಪ್ರೋಗ್ರಾಂನ ಒಂದಕ್ಷರವೂ ಬದಲಾಗಿಲ್ಲ. ಯಾವ ದಾರಿ ಹಿಡಿದಿದೆ ಎಂದು ತಿಳಿಯಲು `EXPLAIN ANALYZE` ಸಾಕು. ಹೀಗೆ ಕಂಡರೆ ಹುಡುಕಿದ ಮೇಲೆ ಸೋಸಲಾಗಿದೆ ಎಂದರ್ಥ:

```
Limit
  ->  Index Scan using fragments_embedding_idx on fragments
        Order By: (embedding <=> $1)
        Filter: (district = 'haveri'::text)
        Rows Removed by Filter: 40
```

ಕೊನೆಯ ಸಾಲು ತಾನೇ ಮಾತಾಡುತ್ತಿದೆ. ಇದರ ಬದಲು `Sort` ಮತ್ತು ಅದರ ಕೆಳಗೆ `Bitmap Heap Scan` ಕಂಡರೆ ಮೊದಲೇ ಸೋಸಲಾಗಿದೆ, ಉತ್ತರ ನಿಖರ. ಇವೆರಡರ ನಡುವೆ ತಾನಾಗಿ ಓಲಾಡುವ ವ್ಯವಸ್ಥೆಗೆ "ಎಲ್ಲಿ ಹಾಕಿದರೂ ಉತ್ತರ ಅದೇ" ಎಂಬ ಮಾತು ಹೇಗೆ ಒಪ್ಪುತ್ತದೆ?

"ಸರಿ, ಹಾಗಾದರೆ ಹೆಚ್ಚು ತಂದುಕೊಳ್ಳೋಣ. 10 ಬೇಕಾದರೆ 100 ತರೋಣ, 1000 ತರೋಣ, ಆಮೇಲೆ ಸೋಸೋಣ." ಇದು ಎರಡನೆಯ ಆಕ್ಷೇಪ, ಎಲ್ಲರ ಕೈಗೂ ಮೊದಲು ಸಿಗುವ ಮದ್ದು. ಡೋಸ್ ಎಷ್ಟೆಂದು ಲೆಕ್ಕ ಹಾಕೋಣ. ನೂರಕ್ಕೊಂದು ಹಾವೇರಿಯದಾದರೆ 1000 ತಂದಾಗ ಸರಾಸರಿ 10 ಸಿಗುತ್ತವೆ. ಆದರೆ ಅದು ಸರಾಸರಿ. ಹತ್ತಕ್ಕಿಂತ ಕಡಿಮೆ ಸಿಗುವುದು ನೂರರಲ್ಲಿ ಸುಮಾರು 46 ಸಲ. ನೂರರಲ್ಲಿ 95 ಸಲವಾದರೂ ಹತ್ತು ತುಂಬಬೇಕೆಂದರೆ 1600ರಷ್ಟು ತರಬೇಕು. ಪಿಜಿವೆಕ್ಟರ್‌ನಲ್ಲಿ `hnsw.ef_search` 1000ವನ್ನು ಮೀರುವಂತಿಲ್ಲ. ಲೆಕ್ಕ ಅಲ್ಲೇ ನಿಂತಿತು. ಮಿತಿಯಿಲ್ಲದ ಬೇರೆ ಡೇಟಾಬೇಸ್ ತೆಗೆದುಕೊಂಡರೂ, ಜಿಲ್ಲೆಯ ಜೊತೆಗೆ ವರ್ಷವನ್ನೂ ಸೇರಿಸಿದೊಡನೆ ನೂರಕ್ಕೊಂದು ಇದ್ದದ್ದು ಸಾವಿರಕ್ಕೊಂದಾಗುತ್ತದೆ, 1600 ಹೋಗಿ 16 ಸಾವಿರವಾಗುತ್ತದೆ.

ಅದೂ ಹಾವೇರಿಯ ತುಣುಕುಗಳು ಸಮನಾಗಿ ಹರಡಿದ್ದರೆ. ಹರಡಿರುವುದಿಲ್ಲ, ಕಷ್ಟವಿರುವುದೇ ಅಲ್ಲಿ. ಎಲೆಚುಕ್ಕಿ ರೋಗದ ಬಗ್ಗೆ ಬರೆದವರು ಹೆಚ್ಚಾಗಿ ತೀರ್ಥಹಳ್ಳಿ, ಶೃಂಗೇರಿ, ಶಿರಸಿ, ಸುಳ್ಯದ ಕಡೆಯವರು. ಪ್ರಶ್ನೆಯ ಹತ್ತಿರದ ಸಾವಿರಾರು ಜಾಗಗಳನ್ನು ಆ ತುಣುಕುಗಳೇ ಹಿಡಿದಿರುತ್ತವೆ. ಹಾವೇರಿಯ ತುಣುಕುಗಳು ಹೆಚ್ಚಾಗಿ ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಯ ಸುತ್ತ ಇರುತ್ತವೆ. ಒಟ್ಟಾರೆ ನೂರಕ್ಕೊಂದಿರುವ ಜಿಲ್ಲೆ ಈ ಪ್ರಶ್ನೆಯ ನೆರೆಹೊರೆಯಲ್ಲಿ ಸಾವಿರಕ್ಕೊಂದೂ ಇರಲಾರದು. ಅದೇ ರೈತರು ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆ ಕೇಳಿದ್ದರೆ ನಲವತ್ತರಲ್ಲೇ ಹತ್ತು ಹಾವೇರಿಯವು ಸಿಕ್ಕಿಬಿಡುತ್ತಿದ್ದವು. ಹಾಗಾಗಿ "ಎಷ್ಟು ಪಟ್ಟು ಹೆಚ್ಚು ತರಬೇಕು" ಎಂಬುದಕ್ಕೆ ಒಂದು ಸಂಖ್ಯೆ ಇಲ್ಲ. ಅದು ಷರತ್ತಿನಿಂದ ಷರತ್ತಿಗೆ ಮಾತ್ರವಲ್ಲ, ಪ್ರಶ್ನೆಯಿಂದ ಪ್ರಶ್ನೆಗೂ ಬದಲಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯಿಂದ ಪರೀಕ್ಷೆ ಮಾಡಿದವರಿಗೆ ಎಲ್ಲವೂ ಸರಿಯಿದೆ ಎಂದೇ ಅನಿಸುತ್ತದೆ.

ಮೂರನೆಯ ಆಕ್ಷೇಪ ನಿಜಕ್ಕೂ ತೂಕದ್ದು. "ಮೊದಲೇ ಸೋಸಿದರೆ ನಿನಗೆ ಯಾವಾಗಲೂ ಹತ್ತು ಸಿಗುತ್ತವೆ, ಒಪ್ಪಿದೆ. ಹಾವೇರಿಯಲ್ಲಿ ಎಲೆಚುಕ್ಕಿಯ ಬಗ್ಗೆ ಎರಡೇ ತುಣುಕು ಇದ್ದರೆ ಉಳಿದ ಎಂಟು ಯಾವುವು? ಮೆಕ್ಕೆಜೋಳದ ಎಲೆ ಅಂಗಮಾರಿ, ಮೆಣಸಿನಕಾಯಿಯ ಎಲೆ ಮುಟುರು. ರೈತನಿಗೆ ತಪ್ಪು ಮದ್ದು ಹೇಳುವುದಕ್ಕಿಂತ ಖಾಲಿ ಉತ್ತರವೇ ವಾಸಿ. ಆಮೇಲೆ ಸೋಸುವುದರಲ್ಲಿ ಆ ರಕ್ಷಣೆ ತಾನಾಗಿಯೇ ಸಿಗುತ್ತದೆ."

ಆಕ್ಷೇಪದ ಮೊದಲ ಅರ್ಧವನ್ನು ಪೂರ್ತಿ ಒಪ್ಪುತ್ತೇನೆ. "ಹಾವೇರಿಯಲ್ಲಿ ಅತಿ ಹತ್ತಿರದ ಹತ್ತು" ಎಂದರೆ ಹತ್ತೂ ಹತ್ತಿರವಿವೆ ಎಂದಲ್ಲ. ದೂರದವನ್ನು ಬಿಡಲೇಬೇಕು. ಪ್ರಶ್ನೆಯಿರುವುದು, ದೂರ ಎಂದು ತೀರ್ಮಾನಿಸುವವರು ಯಾರು ಎಂಬುದರಲ್ಲಿ. ಆಮೇಲೆ ಸೋಸುವಾಗ ಆ ತೀರ್ಮಾನವನ್ನು ಮಾಡುವುದು ದೂರವಲ್ಲ, ಸಾಲಿನಲ್ಲಿ ಎಷ್ಟನೆಯವರು ಎಂಬ ಸ್ಥಾನ. ನಲವತ್ತರೊಳಗಿದ್ದರೆ ಹತ್ತಿರ, ನಲವತ್ತೊಂದನೆಯದಾದರೆ ದೂರ. ಆ ಸ್ಥಾನವನ್ನು ಕೊಡುವವರು ಬೇರೆ ಜಿಲ್ಲೆಯ ಬರಹಗಾರರು.

ಒಂದು ಸಂದರ್ಭ ನೋಡಿ. ಹಾನಗಲ್ಲಿನ ತೋಟವೊಂದರಲ್ಲಿ ಎಲೆಚುಕ್ಕಿ ಕಂಡು, ಅಲ್ಲಿನ ಮಳೆಗೆ ತಕ್ಕಂತೆ ಯಾವಾಗ ಸಿಂಪಡಿಸಿದರು ಎಂದು ವಿವರಿಸುವ ತುಣುಕೊಂದು ಸಂಗ್ರಹದಲ್ಲಿದೆ, ಪ್ರಶ್ನೆಯಿಂದ ಅದರ ದೂರ 0.21, ರಾಜ್ಯದ ಸಾಲಿನಲ್ಲಿ ಅದು 35ನೆಯದು ಎಂದುಕೊಳ್ಳಿ. ಇವತ್ತು ಅದು ಉತ್ತರದಲ್ಲಿ ಬರುತ್ತದೆ. ನಾಳೆ ಮಲೆನಾಡಿನಲ್ಲಿ ರೋಗ ಹೆಚ್ಚಿ, ಶಿವಮೊಗ್ಗ ಚಿಕ್ಕಮಗಳೂರಿನಿಂದ ನೂರಾರು ಹೊಸ ಬರಹಗಳು ಸಂಗ್ರಹಕ್ಕೆ ಸೇರುತ್ತವೆ. ಹಾನಗಲ್ಲಿನ ತುಣುಕಿನ ಒಂದು ಪದವೂ ಬದಲಾಗಿಲ್ಲ, ದೂರ ಈಗಲೂ 0.21. ಆದರೆ ಸಾಲಿನಲ್ಲಿ ಅದು 260ಕ್ಕೆ ಸರಿದಿದೆ. ಹಾವೇರಿಗೆ ಸೀಮಿತವಾದ ಪ್ರಶ್ನೆಯ ಉತ್ತರದಿಂದ ಅದು ಬಿದ್ದುಹೋಗುತ್ತದೆ. ಹಾವೇರಿಯ ಬಗ್ಗೆ ಕೇಳಿದ ಪ್ರಶ್ನೆಯ ಉತ್ತರವನ್ನು, ಷರತ್ತಿನ ಪ್ರಕಾರ ಲೆಕ್ಕಕ್ಕೇ ಬರಬಾರದ ಶಿವಮೊಗ್ಗದ ಬರಹಗಳು ತೀರ್ಮಾನಿಸಿದವು. ರೋಗ ಎಲ್ಲೆಡೆ ಹಬ್ಬಿ ಮಾಹಿತಿ ತುರ್ತಾಗಿ ಬೇಕಾದ ಹೊತ್ತಿನಲ್ಲೇ ಹೀಗಾಗುತ್ತದೆ. ಇದನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನಿಜವಾದ ರಕ್ಷಣೆ ಬೇಕೆಂದರೆ ದೂರಕ್ಕೇ ಮಿತಿ ಹಾಕಬೇಕು: ಮೊದಲು ಜಿಲ್ಲೆಯಿಂದ ಸೋಸಿ, ಹತ್ತಿರದ ಹತ್ತನ್ನು ತಂದು, ಕೊನೆಗೆ ಇಷ್ಟಕ್ಕಿಂತ ದೂರವಿರುವುದನ್ನು ಬಿಟ್ಟುಬಿಡುವುದು. ಈ ಕೊನೆಯ ಹೆಜ್ಜೆ ಹುಡುಕಿದ ಮೇಲೆ ನಡೆಯುವುದೇ ಸರಿ. ಪ್ರತಿ ತುಣುಕನ್ನೂ ಅದರದರ ದೂರದಿಂದಲೇ ಅಳೆಯುವುದರಿಂದ ಪಕ್ಕದವರ ನೆರಳು ಅದರ ಮೇಲೆ ಬೀಳುವುದಿಲ್ಲ. ಮಿತಿ ಎಷ್ಟೆಂಬುದು ಎಂಬೆಡಿಂಗ್ ಮಾದರಿಯಿಂದ ಮಾದರಿಗೆ ಬೇರೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಓಡಿಸಿ, ಸರಿಯಾದ ತುಣುಕುಗಳು ಎಷ್ಟು ದೂರದಲ್ಲಿ ಬರುತ್ತವೆ, ಅಸಂಬದ್ಧವಾದವು ಎಲ್ಲಿಂದ ಶುರುವಾಗುತ್ತವೆ ಎಂದು ನೋಡಿ ಗೆರೆ ಎಳೆಯಬೇಕು. ಮಾದರಿ ಬದಲಾಯಿಸಿದ ದಿನ ಆ ಗೆರೆಯನ್ನೂ ಅಳಿಸಿ ಎಳೆಯಬೇಕು. ಹಾಗೆಯೇ ಒಂದೇ ಬರಹದ ಐದು ತುಣುಕುಗಳು ಒಟ್ಟಿಗೆ ಬಂದಾಗ ಒಂದನ್ನು ಉಳಿಸಿಕೊಳ್ಳುವಂಥ ಕೆಲಸವೂ ಆಮೇಲೆಯೇ ಆಗಬೇಕು, ಅದಕ್ಕೆ ನನ್ನ ತಕರಾರಿಲ್ಲ.

ನಾಲ್ಕನೆಯದು ಖರ್ಚಿನ ಮಾತು. "ಮೊದಲೇ ಸೋಸಿದರೆ ವೆಕ್ಟರ್ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ, ಎಲ್ಲವನ್ನೂ ಒಂದೊಂದಾಗಿ ಅಳೆಯಬೇಕಾಗುತ್ತದೆ." ಎಲ್ಲವನ್ನೂ ಅಲ್ಲ, ಸೋಸಿ ಉಳಿದದ್ದನ್ನು ಮಾತ್ರ. ಹಾವೇರಿಯ 10 ಸಾವಿರ ತುಣುಕುಗಳೆಂದರೆ 76.8 ಲಕ್ಷ ಗುಣಾಕಾರ-ಸಂಕಲನ, ಓದಬೇಕಾದ ವೆಕ್ಟರ್‌ಗಳು ಸುಮಾರು 30 ಮೆಗಾಬೈಟ್. ಮೆಮೊರಿಯಲ್ಲಿದ್ದರೆ ಕೇಳಿದವರಿಗೆ ತಡವಾಯಿತೆಂದು ಗೊತ್ತೇ ಆಗುವುದಿಲ್ಲ, ಮೇಲಾಗಿ ಉತ್ತರ ಅಂದಾಜಲ್ಲ, ನಿಖರ. ಷರತ್ತು ಬಿಗಿಯಾದಷ್ಟೂ ಈ ದಾರಿ ಅಗ್ಗವಾಗುತ್ತದೆ, ಆಮೇಲೆ ಸೋಸುವ ದಾರಿ ಷರತ್ತು ಬಿಗಿಯಾದಷ್ಟೂ ಕೆಡುತ್ತದೆ. ಇನ್ನೊಂದು ತುದಿಯಲ್ಲಿ ಷರತ್ತು ಸಡಿಲವಾಗಿದೆ ಎನ್ನಿ, 10 ಲಕ್ಷದಲ್ಲಿ 9 ಲಕ್ಷ ತುಣುಕುಗಳು ಅದನ್ನು ದಾಟುತ್ತವೆ. ಅಲ್ಲಿ ಒಂದೊಂದಾಗಿ ಅಳೆದರೆ ಸುಮಾರು 2.8 ಗಿಗಾಬೈಟ್ ಓದಬೇಕು. ಇಂಡೆಕ್ಸ್‌ನಿಂದ 40 ತಂದು ಸೋಸಿದರೆ 36 ಉಳಿಯುತ್ತವೆ, ಹತ್ತು ಧಾರಾಳ. ಅಲ್ಲಿ ಎದುರಾಳಿಗಳ ದಾರಿಯೇ ಸರಿ.

ಇಕ್ಕಟ್ಟಿರುವುದು ನಡುವೆ. ಷರತ್ತು ದಾಟುವವು ಒಂದು ಲಕ್ಷವಾದರೆ ಒಂದೊಂದಾಗಿ ಅಳೆಯಲು 300 ಮೆಗಾಬೈಟ್ ಓದಬೇಕು, ನೂರಾರು ಜನ ಒಟ್ಟಿಗೆ ಕೇಳಿದರೆ ಅದು ಭಾರ. ಆಮೇಲೆ ಸೋಸಿದರೆ ನಲವತ್ತರಲ್ಲಿ ನಾಲ್ಕು ಉಳಿಯುತ್ತವೆ. ಜಿಲ್ಲೆ ಒಂದೇ ಷರತ್ತಾಗಿದ್ದರೆ ಒಂದು ಹಳೆಯ ಉಪಾಯವಿದೆ, ಜಿಲ್ಲೆಗೊಂದು ಪ್ರತ್ಯೇಕ ಇಂಡೆಕ್ಸ್:

```sql
CREATE INDEX ON fragments
USING hnsw (embedding vector_cosine_ops)
WHERE (district = 'haveri');
```

ಹಾವೇರಿಯ ತುಣುಕುಗಳು ತಮ್ಮತಮ್ಮಲ್ಲೇ ಕೊಂಡಿ ಹಾಕಿಕೊಂಡಿರುತ್ತವೆ, ಹೊರಗಿನವು ಅಲ್ಲಿ ಇರುವುದೇ ಇಲ್ಲ. ಕರ್ನಾಟಕಕ್ಕೆ 31 ಜಿಲ್ಲೆ, 31 ಇಂಡೆಕ್ಸ್. ಇಲ್ಲವೇ ಟೇಬಲ್ಲನ್ನೇ ಜಿಲ್ಲೆವಾರು ಪಾರ್ಟಿಷನ್ ಮಾಡಬಹುದು. ಜಿಲ್ಲೆ, ವರ್ಷ, ಬೆಳೆ ಮೂರನ್ನೂ ಕೇಳುವವರು ತಮಗೆ ಬೇಕಾದಂತೆ ಬೆರೆಸುವ ಕಡೆ ಈ ಉಪಾಯ ಸೋಲುತ್ತದೆ, ಅಷ್ಟು ಇಂಡೆಕ್ಸ್ ಕಟ್ಟಲಾಗದು.

ಅಲ್ಲಿಗೆ ಐದನೆಯ ಆಕ್ಷೇಪಕ್ಕೆ ಬಂದೆವು. "ಇದೆಲ್ಲ ಹಳೆಯ ಕಥೆ. ಈಗಿನ ಡೇಟಾಬೇಸ್‌ಗಳು ಹುಡುಕುತ್ತಲೇ ಸೋಸುತ್ತವೆ. ಮೊದಲೋ ಆಮೇಲೋ ಎಂಬ ಪ್ರಶ್ನೆಯೇ ಸತ್ತಿದೆ."

ಹುಡುಕುತ್ತಲೇ ಸೋಸುತ್ತವೆ, ನಿಜ. ಹೇಗೆ ಎಂದು ನೋಡಿದರೆ ಅದೇ ಪ್ರಶ್ನೆ ಇಂಡೆಕ್ಸ್‌ನ ಒಳಗೆ ಹೋಗಿ ಕೂತಿರುವುದು ಕಾಣುತ್ತದೆ. ಎಚ್‌ಎನ್‌ಎಸ್‌ಡಬ್ಲ್ಯುನ ತಳದ ಪದರದಲ್ಲಿ ಒಂದು ವೆಕ್ಟರ್‌ಗೆ ಪಿಜಿವೆಕ್ಟರ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹೆಚ್ಚೆಂದರೆ 32 ಕೊಂಡಿ. ಷರತ್ತು ದಾಟದ ವೆಕ್ಟರ್‌ಗಳ ಮೇಲೆ ಕಾಲಿಡುವುದೇ ಇಲ್ಲ ಎಂದು ಹಟ ಹಿಡಿದರೆ, ನೂರಕ್ಕೊಂದು ದಾಟುವ ಕಡೆ 32 ನೆರೆಗಳಲ್ಲಿ ಸರಾಸರಿ 0.32 ಮಾತ್ರ ಉಳಿಯುತ್ತದೆ. ಮುಂದಿನ ಹೆಜ್ಜೆಗೆ ನೆಲವೇ ಇಲ್ಲ. ಹಾವೇರಿಯ ತುಣುಕುಗಳು ಒಂದಕ್ಕೊಂದು ಸಂಪರ್ಕವಿಲ್ಲದ ದ್ವೀಪಗಳಾಗುತ್ತವೆ, ಹುಡುಕಾಟ ಯಾವ ದ್ವೀಪದಲ್ಲಿ ಇಳಿಯಿತೋ ಅಲ್ಲೇ ಮುಗಿಯುತ್ತದೆ. ಹತ್ತಿರದ ತುಣುಕು ಪಕ್ಕದ ದ್ವೀಪದಲ್ಲಿದ್ದರೂ ಸಿಗುವುದಿಲ್ಲ. ಹಟ ಬಿಟ್ಟು, ಎಲ್ಲದರ ಮೇಲೂ ನಡೆಯುತ್ತೇನೆ, ಷರತ್ತು ದಾಟಿದ್ದನ್ನು ಮಾತ್ರ ಪಟ್ಟಿಗೆ ಸೇರಿಸುತ್ತೇನೆ ಎಂದರೆ ದಾರಿ ತುಂಡಾಗುವುದಿಲ್ಲ, ಆದರೆ ಹತ್ತು ತುಂಬಲು ಸಾವಿರಾರು ಬೇಡದ ವೆಕ್ಟರ್‌ಗಳನ್ನು ಅಳೆಯಬೇಕಾಗುತ್ತದೆ. ಇಲಾಸ್ಟಿಕ್‌ಸರ್ಚ್‌ನ ಬುಡದಲ್ಲಿರುವ ಲೂಸೀನ್ ಈ ಎರಡನೆಯ ದಾರಿಗೆ ಒಂದು ಜಾಣತನವನ್ನು ಸೇರಿಸಿತು: ಷರತ್ತು ದಾಟುವ ಒಟ್ಟು ಸಂಖ್ಯೆಗಿಂತ ಹೆಚ್ಚು ವೆಕ್ಟರ್‌ಗಳನ್ನು ಮುಟ್ಟಬೇಕಾಗಿ ಬಂದರೆ ನಡಿಗೆ ನಿಲ್ಲಿಸಿ, ದಾಟಿದವನ್ನೆಲ್ಲ ನೇರವಾಗಿ ಅಳೆದುಬಿಡುತ್ತದೆ. ಅಂದರೆ ಬಿಗಿ ಷರತ್ತಿಗೆ ಅದು ಕೊನೆಗೆ ಬಂದು ನಿಲ್ಲುವುದು ಮೊದಲೇ ಸೋಸುವ ದಾರಿಯಲ್ಲೇ.

ಬೇರೆಯವರು ರಸ್ತೆಯನ್ನೇ ಬದಲಾಯಿಸಿದರು. ಕ್ಯೂಡ್ರಂಟ್, ಇಂಡೆಕ್ಸ್ ಮಾಡಿದ ಕಾಲಂಗಳ ಪ್ರತಿ ಮೌಲ್ಯಕ್ಕೂ ಹೆಚ್ಚುವರಿ ಕೊಂಡಿ ಹಾಕುತ್ತದೆ, ಷರತ್ತು ದಾಟುವವು ತೀರ ಕಡಿಮೆಯಿದ್ದರೆ ನೇರ ಅಳತೆಗೆ ಇಳಿಯುತ್ತದೆ. 2023ರಲ್ಲಿ ಬಂದ ಫಿಲ್ಟರ್ಡ್-ಡಿಸ್ಕ್‌ಎಎನ್‌ಎನ್, ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಬೇರುಬಿಟ್ಟ ಡಿಸ್ಕ್‌ಎಎನ್‌ಎನ್ ಕೆಲಸದ ಮುಂದುವರಿಕೆ. ಅದು ಕೊಂಡಿಗಳನ್ನು ಕಟ್ಟುವಾಗಲೇ ಪ್ರತಿ ವೆಕ್ಟರ್‌ನ ಲೇಬಲ್ ನೋಡುತ್ತದೆ. ಯಾವ ಷರತ್ತು ಬರಬಹುದೆಂದು ಮೊದಲೇ ಗೊತ್ತಿರಬೇಕು ಎಂಬುದು ಈ ಎರಡೂ ದಾರಿಗಳ ಬೆಲೆ. 2024ರ ಎಕಾರ್ನ್ ಅದನ್ನು ಬಿಡಿಸಿಕೊಳ್ಳಲು ನೆರೆಯ ನೆರೆಗಳನ್ನೂ ನೋಡುವ ಉಪಾಯ ಹಿಡಿಯಿತು. 32 ನೆರೆಗಳಲ್ಲಿ ಒಂದೊಂದಕ್ಕೂ 32 ನೆರೆ ಎಂದರೆ ಸಾವಿರದಷ್ಟು. ನೂರಕ್ಕೊಂದರ ಲೆಕ್ಕದಲ್ಲಿ ಹತ್ತು ಉಳಿಯುತ್ತವೆ, ದ್ವೀಪಗಳ ನಡುವೆ ಮತ್ತೆ ದಾರಿಯಾಗುತ್ತದೆ. ಸಾವಿರಕ್ಕೊಂದಾದರೆ ಅದೇ ಲೆಕ್ಕ ಒಂದಕ್ಕೆ ಇಳಿಯುತ್ತದೆ, ಮತ್ತೆ ಅಂಚಿಗೆ ಬಂದಂತಾಯಿತು.

ಪಿಜಿವೆಕ್ಟರ್ ಬೇರೆ ಮದ್ದು ಆರಿಸಿತು. 0.8.0 ಆವೃತ್ತಿಯಿಂದ, ಮೊದಲ ನಲವತ್ತರಲ್ಲಿ ಸಾಕಷ್ಟು ಸಿಗದಿದ್ದರೆ ಮುಂದಿನ ಕಂತನ್ನು ತರುತ್ತ ಹೋಗುವ ವ್ಯವಸ್ಥೆ ಇದೆ:

```sql
SET hnsw.iterative_scan = strict_order;
```

ಇದು ತಾನಾಗಿ ಚಾಲೂ ಇರುವುದಿಲ್ಲ, ನಾವೇ ಹಾಕಬೇಕು. ಹೊಸ ಆವೃತ್ತಿ ಹಾಕಿದೆವು, ಇನ್ನು ಚಿಂತೆಯಿಲ್ಲ ಎಂದು ಕೂತವರಲ್ಲಿ ಎಷ್ಟು ಜನ ಈ ಸಾಲನ್ನು ಬರೆದಿದ್ದಾರೋ. ಬರೆದರೂ ಒಂದು ಗೋಡೆ ಉಳಿಯುತ್ತದೆ: `hnsw.max_scan_tuples`, ಮಾಮೂಲಿಯಾಗಿ 20,000. ಹೆಚ್ಚುಕಡಿಮೆ ಅಷ್ಟು ಸಾಲುಗಳನ್ನು ನೋಡಿದ ಮೇಲೆ ಹುಡುಕಾಟ ನಿಲ್ಲುತ್ತದೆ, ಹತ್ತು ತುಂಬಿರಲಿ ಬಿಡಲಿ. ನಮ್ಮ ಹತ್ತು ಲಕ್ಷದಲ್ಲಿ ಅದು ನೂರಕ್ಕೆ ಎರಡು. ಹಾವೇರಿಯ ತುಣುಕುಗಳು ಸಮನಾಗಿ ಹರಡಿದ್ದರೆ ಅಷ್ಟರಲ್ಲಿ ಇನ್ನೂರು ಸಿಕ್ಕಿರುತ್ತವೆ. ಪ್ರಶ್ನೆಯ ಸುತ್ತಲಿನ 20,000 ಜಾಗಗಳನ್ನು ಮಲೆನಾಡಿನ ಅಡಿಕೆ ಬರಹಗಳೇ ತುಂಬಿದ್ದರೆ ಕೈಗೆ ಸಿಗುವುದು ಒಂದೆರಡು, ಅಥವಾ ಅದೂ ಇಲ್ಲ. ಮಿತಿಯನ್ನು ಏರಿಸಬಹುದು, ಏರಿಸಿದಷ್ಟೂ ನಿಧಾನ. ಇದು ಒಳ್ಳೆಯ ಸುಧಾರಣೆಯೇ, ನಾನೂ ಬಳಸುತ್ತೇನೆ. ಆದರೆ ಇದು ಆಮೇಲೆ ಸೋಸುವುದನ್ನೇ ತಾಳ್ಮೆಯಿಂದ ಮಾಡುವ ವಿಧಾನ, ತಾಳ್ಮೆಗೂ ಒಂದು ಸಂಖ್ಯೆ ನಿಗದಿಯಾಗಿದೆ.

ಆರನೆಯ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಡ. "ತುಣುಕಿನ ಪಠ್ಯದಲ್ಲೇ 'ಹಾವೇರಿ, 2022' ಎಂದು ಸೇರಿಸಿ ಎಂಬೆಡಿಂಗ್ ಮಾಡಿ. ಷರತ್ತೇ ಬೇಕಿಲ್ಲ, ವೆಕ್ಟರ್ ತಾನೇ ಹತ್ತಿರ ತರುತ್ತದೆ." ವೆಕ್ಟರ್‌ಗೆ ಗೊತ್ತಿರುವುದು ಸಾಮೀಪ್ಯ, ಸಮಾನತೆಯಲ್ಲ. ಹಾವೇರಿ ಮತ್ತು ಗದಗ, 2022 ಮತ್ತು 2021 ಅದರ ಪಾಲಿಗೆ ಅಕ್ಕಪಕ್ಕದ ಮನೆಗಳು. ಹಾವೇರಿಯ ಕಡೆಗೆ ಒಂದಿಷ್ಟು ವಾಲಿದರೆ ಸಾಕು ಎನ್ನುವ ಕಡೆ ಇದು ಉಪಯೋಗಕ್ಕೆ ಬರುತ್ತದೆ. ಈ ಕಚೇರಿಯವರು ತಮ್ಮ ಕಡತ ಮಾತ್ರ ನೋಡಬೇಕು, ನಿಷೇಧವಾದ ಕೀಟನಾಶಕದ ಹಳೆಯ ಸಲಹೆ ಬರಲೇಬಾರದು ಎಂಬಂಥ ಕಡೆ "ಹೆಚ್ಚುಕಡಿಮೆ" ಎಂಬ ಉತ್ತರಕ್ಕೆ ಜಾಗವಿಲ್ಲ.

ಕೊನೆಯದು ವಾದವಲ್ಲ, ನೆಮ್ಮದಿ. "ನಮ್ಮ ವ್ಯವಸ್ಥೆ ನಡೆಯುತ್ತಿದೆ, ಯಾರೂ ದೂರಿಲ್ಲ, ಅಳೆದಾಗ ರಿಕಾಲ್ ನೂರಕ್ಕೆ 95 ಬಂದಿದೆ." ರಿಕಾಲ್ ಎಂದರೆ ನಿಖರ ಹುಡುಕಾಟ ಕೊಡುವ ಹತ್ತರಲ್ಲಿ ಅಂದಾಜಿನ ಹುಡುಕಾಟ ಎಷ್ಟನ್ನು ಹಿಡಿಯಿತು ಎಂಬ ಲೆಕ್ಕ. ಆ 95 ಹೇಗೆ ಬಂತೆಂದು ಕೇಳಿದರೆ ಸಾಮಾನ್ಯವಾಗಿ ಹೊರಬೀಳುವುದು, ಷರತ್ತೇ ಇಲ್ಲದ ಪ್ರಶ್ನೆಗಳಿಂದ ಅಳೆದದ್ದು ಎಂಬುದು. ಷರತ್ತಿರುವ ಪ್ರಶ್ನೆಗಳನ್ನು ಸೇರಿಸಿದಾಗಲೂ ಸರಾಸರಿ ಮೋಸ ಮಾಡುತ್ತದೆ. ನೂರು ಪ್ರಶ್ನೆಗಳಲ್ಲಿ ಐದು ಬಿಗಿ ಷರತ್ತಿನವಾಗಿದ್ದು, ಆ ಐದರಲ್ಲೂ ಉತ್ತರ ಖಾಲಿಯಾಗಿ, ಉಳಿದವು ಪೂರ್ತಿ ಸರಿಯಿದ್ದರೂ ಸರಾಸರಿ 95. ಆ ಐದು ಪ್ರಶ್ನೆ ಕೇಳಿದವರು ದೂರುವುದಿಲ್ಲ, ತಮ್ಮ ಜಿಲ್ಲೆಯ ಮಾಹಿತಿ ಇಲ್ಲವೆಂದು ನಂಬಿ ಎದ್ದುಹೋಗುತ್ತಾರೆ.

ಅಳೆಯುವುದು ಕಷ್ಟವೇನಲ್ಲ. ನಿಜವಾಗಿ ಬಂದ ಪ್ರಶ್ನೆಗಳನ್ನು ಅವುಗಳ ಷರತ್ತುಗಳ ಸಮೇತ ತೆಗೆದಿಟ್ಟುಕೊಂಡು, ಒಂದು ಸಲ ಮಾಮೂಲಿಯಾಗಿ, ಒಂದು ಸಲ ಇಂಡೆಕ್ಸ್ ಬಿಟ್ಟು ಓಡಿಸಿದರಾಯಿತು:

```sql
BEGIN;
SET LOCAL enable_indexscan = off;
-- ಅದೇ ಪ್ರಶ್ನೆ
COMMIT;
```

ಎರಡರ ಹತ್ತನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಹೊಂದುತ್ತವೆ ನೋಡಬೇಕು. ಫಲಿತಾಂಶವನ್ನು ಒಟ್ಟು ಸರಾಸರಿ ಮಾಡದೆ, ಷರತ್ತು ದಾಟುವವು ಅರ್ಧಕ್ಕಿಂತ ಹೆಚ್ಚಿರುವ ಪ್ರಶ್ನೆಗಳು ಒಂದು ಕಡೆ, ಹತ್ತಕ್ಕೊಂದರ ಸುತ್ತಲಿನವು ಒಂದು ಕಡೆ, ನೂರಕ್ಕೊಂದು, ಸಾವಿರಕ್ಕೊಂದು ಹೀಗೆ ಗುಂಪು ಮಾಡಿ ಬರೆಯಬೇಕು. ಇದರ ಜೊತೆಗೆ ಹತ್ತು ಕೇಳಿದಾಗ ಹತ್ತಕ್ಕಿಂತ ಕಡಿಮೆ ಬಂದ ಪ್ರತಿ ಪ್ರಶ್ನೆಯನ್ನೂ, ಷರತ್ತು ದಾಟುವ ಸಾಲುಗಳು ಒಟ್ಟು ಎಷ್ಟಿವೆ ಎಂಬ ಸಂಖ್ಯೆಯೊಂದಿಗೆ ಲಾಗ್‌ಗೆ ಹಾಕಬೇಕು. ದಾಟುವವು 10 ಸಾವಿರ ಇದ್ದು ದೂರದ ಮಿತಿ ಹಾಕುವ ಮುಂಚೆಯೇ ಬಂದದ್ದು ಸೊನ್ನೆಯಾದರೆ, ಮಾಹಿತಿ ಇಲ್ಲವೆಂಬ ಆ ಉತ್ತರ ಸುಳ್ಳು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಬಂದರೆ ಎಂಟನೆಯ ಆಕ್ಷೇಪಕ್ಕೂ ಉತ್ತರಿಸಲು ಸಿದ್ಧನಿದ್ದೇನೆ.